ಹದಿನಾಲ್ಕು ಮನೆ, ಒಂದೇ ಪೂರ್ಣವಿರಾಮ

"ಸರ್, ನಾನು ಇಳಕಲ್‌ನವಳು. ನಮ್ಮೂರಿನ ನೇಕಾರರ ಹದಿನಾಲ್ಕು ಮನೆಗೆ ಹೋಗಿ ಇಂಗ್ಲಿಷ್‌ನಲ್ಲಿ ಒಂದು ವರದಿ ಬರೆದಿದ್ದೇನೆ. ಇದೇ ನನ್ನ ಮೊದಲ ವರದಿ. ವಿಷಯ ಚೆನ್ನಾಗಿದೆ, ಇಂಗ್ಲಿಷ್ ಸರಿಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಏನು ಸರಿಯಿಲ್ಲ ಅಂತ ಯಾರೂ ಹೇಳುವುದಿಲ್ಲ. ನೀವು ಮುಲಾಜಿಲ್ಲದೆ ಹೇಳಿ."

ತಂಗಿ, ಮುಲಾಜಿಲ್ಲದೆ ಹೇಳುತ್ತೇನೆ. ಈಗಿರುವ ಹಾಗೆ ಈ ವರದಿಯನ್ನು ನಾನು ಅಚ್ಚಿಗೆ ಹಾಕುವುದಿಲ್ಲ. ಆದರೆ ಕಸದ ಬುಟ್ಟಿಗೂ ಹಾಕುವುದಿಲ್ಲ. ನಾಲ್ಕನೇ ಪುಟವನ್ನು ಎರಡು ಸಲ ಓದಿದೆ. ಅಲ್ಲಿನ ಒಂದು ವಾಕ್ಯದಲ್ಲಿ ನಿಮ್ಮ ಎಲ್ಲ ತಪ್ಪೂ ಒಟ್ಟಿಗೆ ಕೂತಿವೆ. ಅದನ್ನೇ ಬಿಚ್ಚಿ ನೋಡೋಣ. ನಿಮ್ಮ ಇಂಗ್ಲಿಷನ್ನು ಬೇಕಂತಲೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಓದಿ. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಸಿಗುತ್ತದೆ.

"ವಿ ಹ್ಯಾಡ್ ವಿಸಿಟೆಡ್ ವೀವರ್ಸ್ ಹೌಸ್ ಆನ್ ಟ್ವೆಲ್ತ್ ಜೂನ್, ವೀವರ್ ಈಸ್ ಸಿಟ್ಟಿಂಗ್ ಇನ್ ಪಿಟ್ ಲೂಮ್, ಹಿ ಟೋಲ್ಡ್ ದಟ್ ದಿ ಸಿಲ್ಕ್ ಈಸ್ ಟೂ ಕಾಸ್ಟ್ಲಿ, ಸೋ ಹಿ ಹ್ಯಾಸ್ ಸ್ಟಾಪ್ಡ್ ಯೂಸಿಂಗ್ ಇಟ್ ಇನ್ ಪಲ್ಲು ಲಾಸ್ಟ್ ಇಯರ್."

ಮೊದಲು ಉದ್ದದ ಮಾತು. ಇದನ್ನು ನೀವು ಕನ್ನಡದಲ್ಲಿ ಯೋಚಿಸಿ ಬರೆದಿದ್ದೀರಿ, ಅಲ್ವಾ? ಕನ್ನಡದಲ್ಲಿ ನಾವು "ಇಳಕಲ್‌ಗೆ ಹೋಗಿ, ನೇಕಾರರನ್ನು ಕಂಡು, ಮಾತಾಡಿಸಿ, ಚಹಾ ಕುಡಿದು ಬಂದೆವು" ಅನ್ನುತ್ತೇವೆ. ಹೋಗಿ, ಕಂಡು, ಮಾತಾಡಿಸಿ, ಕುಡಿದು: ಇವು ನಾಲ್ಕೂ ಅರ್ಧ ಕ್ರಿಯಾಪದಗಳು. ಪೂರ್ತಿ ಕ್ರಿಯಾಪದ ಕೊನೆಯ "ಬಂದೆವು" ಒಂದೇ. ಅದಕ್ಕೇ ಹತ್ತು ಕೆಲಸ ಪೋಣಿಸಿದರೂ ಕನ್ನಡದ ವಾಕ್ಯ ಕಿತ್ತುಹೋಗುವುದಿಲ್ಲ. ಇಂಗ್ಲಿಷ್‌ಗೆ ತಿರುಗಿಸುವಾಗ ಆ ಅರ್ಧ ಕ್ರಿಯಾಪದಗಳೆಲ್ಲ ಪೂರ್ತಿ ಆಗಿಬಿಡುತ್ತವೆ. ನಡುವೆ ನಮ್ಮ ಹಳೇ ಅಲ್ಪವಿರಾಮ ಮಾತ್ರ ಉಳಿಯುತ್ತದೆ. ಪೂರ್ತಿಯಾದ ಎರಡು ವಾಕ್ಯಗಳನ್ನು ಬರೀ ಅಲ್ಪವಿರಾಮ ಹಿಡಿದಿಡಲಾರದು. ಇಂಗ್ಲಿಷ್ ಓದುಗ ಅಲ್ಲೇ ಎಡವುತ್ತಾನೆ.

ಪರೀಕ್ಷೆ ಸುಲಭ. ಪೆನ್ಸಿಲ್ ಹಿಡಿದು ಕಾಲ ತೋರಿಸುವ ಕ್ರಿಯಾಪದಗಳಿಗೆಲ್ಲ ಸುತ್ತು ಹಾಕಿ. ಇಲ್ಲಿ ಐದು ಸಿಗುತ್ತವೆ: ಹ್ಯಾಡ್ ವಿಸಿಟೆಡ್, ಈಸ್ ಸಿಟ್ಟಿಂಗ್, ಟೋಲ್ಡ್, ಈಸ್, ಹ್ಯಾಸ್ ಸ್ಟಾಪ್ಡ್. ಈಗ ಎರಡು ಸುತ್ತುಗಳ ನಡುವೆ ಏನಿದೆ ನೋಡಿ. "ಟೋಲ್ಡ್" ಮತ್ತು "ಈಸ್" ನಡುವೆ "ದಟ್" ಇದೆ, ಸರಿ. ಕೊನೆಯಲ್ಲಿ "ಸೋ" ಇದೆ, ಅದೂ ಸರಿ. ಮೊದಲ ಎರಡು ಕಡೆ ಬರೀ ಅಲ್ಪವಿರಾಮ. ಅಲ್ಲಿ ಪೂರ್ಣವಿರಾಮ ಹಾಕಿ. ಇಷ್ಟೇ ಕೆಲಸ.

ಒಂದು ಬಲೆ ಇದೆ. "ಆ್ಯಂಡ್, ಬಟ್, ಸೋ" ಬಂದರೆ ಅಲ್ಪವಿರಾಮ ಸಾಕು. "ಹೌಎವರ್, ದೇರ್‌ಫೋರ್" ಬಂದರೆ ಸಾಲದು. ಅರ್ಥ ಒಂದೇ ಥರ ಕಂಡರೂ ಇವು ಕೀಲು ಆಗುವುದಿಲ್ಲ. ನೀವು ಆರನೇ ಪುಟದಲ್ಲಿ ಬರೆದ "ದಿ ವೇಜಸ್ ಆರ್ ಲೋ, ಹೌಎವರ್ ದೇ ಕಂಟಿನ್ಯೂ" ತಪ್ಪು. "ಲೋ" ಆದಮೇಲೆ ಪೂರ್ಣವಿರಾಮ ಬೇಕು. ಇಲ್ಲವೇ ಸುಮ್ನೆ "ಬಟ್" ಅನ್ನಿ, ಅದೇ ಚೆಂದ. ಹಾಗಂತ ಎಲ್ಲವನ್ನೂ ಕಡಲೆಪುರಿ ಹಾಗೆ ಚೂರು ಮಾಡಬೇಡಿ. ರೇಷ್ಮೆ ದುಬಾರಿ ಆಯಿತು, ಅದಕ್ಕೆ ಬಿಟ್ಟ: ಈ ಕಾರಣದ ಗಂಟು ಒಂದೇ ವಾಕ್ಯದಲ್ಲಿ ಉಳಿಯಬೇಕು.

ಈಗ ಕಾಲ. ತುಂಡು ಮಾಡಿದ ಮೇಲೇ ಇದಕ್ಕೆ ಕೈ ಹಾಕಿ. ಒಂದು ವಾಕ್ಯದಲ್ಲಿ ಐದು ಕ್ರಿಯಾಪದ ತುರುಕಿಕೊಂಡಿದ್ದರೆ ಯಾವುದರ ಕಾಲ ತಪ್ಪಿದೆ ಅಂತ ಗೊತ್ತೇ ಆಗುವುದಿಲ್ಲ.

"ವಿ ಹ್ಯಾಡ್ ವಿಸಿಟೆಡ್" ಎಲ್ಲಿಂದ ಬಂತು? "ನಾವು ಹೋಗಿದ್ದೆವು" ಅನ್ನುವುದರಿಂದ. ಮುಗಿದುಹೋದ ಕೆಲಸಕ್ಕೆ ಕನ್ನಡದಲ್ಲಿ "ಹೋಗಿದ್ದೆವು" ಅನ್ನುವುದು ಸಹಜ. ಇಂಗ್ಲಿಷ್‌ನ "ಹ್ಯಾಡ್" ಹಾಗಲ್ಲ. ಅದಕ್ಕೆ ಜೊತೆಗೊಂದು ಭೂತಕಾಲದ ಘಟನೆ ಬೇಕು. ಅದಕ್ಕಿಂತಲೂ ಮೊದಲು ಆದದ್ದಕ್ಕೆ ಮಾತ್ರ "ಹ್ಯಾಡ್". ನಾನೂ ಶುರುವಿನಲ್ಲಿ ಬಾಗಲಕೋಟೆಯಲ್ಲಿ ಕೂತು ಹಿನ್ನೀರಿನ ಹಳ್ಳಿಗಳ ಬಗ್ಗೆ ಇಪ್ಪತ್ತು ಪುಟ ಬರೆದಿದ್ದೆ. ಎಲ್ಲಾ ಕಡೆ "ಹ್ಯಾಡ್". ತರಿಸಿಕೊಂಡ ಕಚೇರಿಯವರು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ ಕಳಿಸಿದರು: "ಯಾವುದಕ್ಕಿಂತ ಮೊದಲು?" ಆ ಪ್ರಶ್ನೆಯನ್ನು ನೀವೂ ಪ್ರತಿ "ಹ್ಯಾಡ್" ಮುಂದೆ ಕೇಳಿ. ಉತ್ತರ ಇಲ್ಲದಿದ್ದರೆ "ಹ್ಯಾಡ್" ತೆಗೆಯಿರಿ. "ವಿ ವಿಸಿಟೆಡ್." ಮುಗೀತು.

ಮಜಾ ಏನು ಗೊತ್ತಾ? ಬೇಡದ ಕಡೆ "ಹ್ಯಾಡ್" ಇಟ್ಟಿದ್ದೀರಿ, ಬೇಕಾದ ಕಡೆ ಬಿಟ್ಟಿದ್ದೀರಿ. ನೇಕಾರ ರೇಷ್ಮೆ ಬಿಟ್ಟದ್ದು ನೀವು ಮಾತಾಡಿಸುವುದಕ್ಕಿಂತ ಮೊದಲು. "ಯಾವುದಕ್ಕಿಂತ ಮೊದಲು?" ಅಂದರೆ ಇಲ್ಲಿ ಉತ್ತರ ಇದೆ. ಹಾಗಾಗಿ "ಹಿ ಹ್ಯಾಡ್ ಸ್ಟಾಪ್ಡ್". ನಿಮ್ಮ "ಹ್ಯಾಸ್" ಇನ್ನೊಂದು ಕಾರಣಕ್ಕೂ ನಿಲ್ಲುವುದಿಲ್ಲ. "ಲಾಸ್ಟ್ ಇಯರ್" ಅಂತ ಮುಗಿದ ಸಮಯ ಹೇಳಿದರೆ "ಹ್ಯಾಸ್, ಹ್ಯಾವ್" ಜೊತೆಗೆ ಬರುವ ಹಾಗಿಲ್ಲ. ಕನ್ನಡದಲ್ಲಿ "ನಿನ್ನೆ ಬಂದಿದ್ದೇನೆ" ಅನ್ನಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷ್‌ನಲ್ಲಿ "ಐ ಹ್ಯಾವ್ ಕಮ್ ಯೆಸ್ಟರ್‌ಡೇ" ನಡೆಯುವುದಿಲ್ಲ. ತಾರೀಖು, ಇಸವಿ, ನಿನ್ನೆ, ಹೋದ ವರ್ಷ ಕಂಡ ಕೂಡಲೇ ಪಕ್ಕದ "ಹ್ಯಾವ್" ಮೇಲೆ ಕಣ್ಣಿಡಿ.

ಎಂಟನೇ ಪುಟದ "ದೇ ಆರ್ ವೀವಿಂಗ್ ಸಿನ್ಸ್ ಟ್ವೆಂಟಿ ಇಯರ್ಸ್" ಕೂಡ ನಮ್ಮ "ಇಪ್ಪತ್ತು ವರ್ಷದಿಂದ ನೇಯುತ್ತಿದ್ದಾರೆ" ಎಂಬುದರ ನೇರ ನಕಲು. ನಮ್ಮ "ಇಂದ" ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಎಷ್ಟು ಕಾಲ ಅನ್ನುವುದಕ್ಕೆ "ಫಾರ್", ಯಾವಾಗಿನಿಂದ ಅನ್ನುವುದಕ್ಕೆ "ಸಿನ್ಸ್". ಅಂದು ಶುರುವಾಗಿ ಇಂದೂ ನಡೆದಿರುವುದಕ್ಕೆ "ಹ್ಯಾವ್ ಬೀನ್". ಹಾಗಾಗಿ "ದೇ ಹ್ಯಾವ್ ಬೀನ್ ವೀವಿಂಗ್ ಫಾರ್ ಟ್ವೆಂಟಿ ಇಯರ್ಸ್".

ಇನ್ನು ಸೆರಗಿನ ಪ್ಯಾರಾ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಟೋಪ್ ತೆನಿ ಕೆಲಸವನ್ನು ಎಷ್ಟು ಚೆನ್ನಾಗಿ ನೋಡಿ ಬರೆದಿದ್ದೀರಿ! ಆದರೆ ಒಂದು ಸಾಲು "ಜಾಯಿನ್ಸ್", ಮುಂದಿನದು "ಜಾಯಿನ್ಡ್". ನೇಕಾರರು ಯಾವಾಗಲೂ ಹೀಗೇ ಮಾಡುತ್ತಾರೆ ಅಂತಾದರೆ ಪೂರ್ತಿ ಪ್ಯಾರಾ ವರ್ತಮಾನದಲ್ಲಿರಲಿ: "ದಿ ವೀವರ್ ಜಾಯಿನ್ಸ್ ದಿ ಟೂ ವಾರ್ಪ್ಸ್ ವಿತ್ ಲೂಪ್ಸ್." ಭೂತಕಾಲಕ್ಕೆ ಜಾರಿದರೆ ದೂರದ ಓದುಗ ಈ ವಿದ್ಯೆ ಸತ್ತುಹೋಗಿದೆ ಅಂದುಕೊಳ್ಳುತ್ತಾನೆ. ನೀವು ಆ ದಿನ ಕಂಡದ್ದು, ಕೇಳಿದ್ದು ಮಾತ್ರ ಭೂತಕಾಲ. ಅದಕ್ಕೇ ನೇಕಾರ "ಈಸ್ ಸಿಟ್ಟಿಂಗ್" ಅಲ್ಲ, "ವಾಸ್ ಸಿಟ್ಟಿಂಗ್". ಅವನು ಈಗಲೂ ಅಲ್ಲೇ ಕೂತಿದ್ದಾನಾ?

"ಎ", "ದಿ" ಎಂಬ ಆರ್ಟಿಕಲ್‌ಗಳ ಸರದಿ ಕೊನೆಗೆ. ಎಲ್ಲರೂ ಇದರಿಂದಲೇ ಶುರುಮಾಡಿ ಸೋಲುತ್ತಾರೆ. ಮೊದಲು ಯಾವುದರ ಹೆಸರು ಬಂತು, ಆಮೇಲೆ ಯಾವುದು ಅನ್ನುವುದರ ಮೇಲೆ "ಎ" ಮತ್ತು "ದಿ" ನಿಂತಿವೆ. ವಾಕ್ಯಗಳ ಜಾಗ ಬದಲಾದರೆ ಇವೂ ಬದಲಾಗುತ್ತವೆ.

ಕನ್ನಡದಲ್ಲಿ "ದಿ" ಇಲ್ಲ ಅನ್ನುತ್ತಾರೆ. ಆ ಭೇದ ನಮಗೆ ಗೊತ್ತೇ ಇಲ್ಲ ಅಂತಲ್ಲ. "ಸೀರೆ ತಂದೆ" ಅಂದರೆ ಯಾವುದೋ ಸೀರೆ. "ಸೀರೆಯನ್ನು ತಂದೆ" ಅಂದರೆ ಕೇಳುವವರಿಗೆ ಸಾಮಾನ್ಯವಾಗಿ ಯಾವ ಸೀರೆ ಅಂತ ಗೊತ್ತಿರುತ್ತದೆ. ಆ ಕಿವಿಯನ್ನೇ ಇಲ್ಲೂ ಬಳಸಿ. ಓದುಗನ ಜಾಗದಲ್ಲಿ ನಿಂತು "ಯಾವುದು?" ಅಂತ ಕೇಳಿಕೊಳ್ಳಿ. ಓದುಗನಿಗೆ ಗೊತ್ತಿದ್ದರೆ "ದಿ". ಗೊತ್ತಿಲ್ಲ, ಎಣಿಸಬಹುದು, ಒಂದೇ ಇದೆ ಅಂದರೆ "ಎ". ಗೊತ್ತಿಲ್ಲ, ಬಹಳ ಇವೆ ಅಥವಾ ಎಣಿಸಲಾಗದು ಅಂದರೆ ಏನೂ ಬೇಡ. ನೇಕಾರನ ಮನೆ ಮೊದಲ ಸಲ ಬಂತು, ಯಾವ ಮನೆಯೋ ಓದುಗನಿಗೆ ಗೊತ್ತಿಲ್ಲ: "ಎ ವೀವರ್ಸ್ ಹೌಸ್". ಮುಂದಿನ ವಾಕ್ಯದಲ್ಲಿ ಅದೇ ನೇಕಾರ: "ದಿ ವೀವರ್". ರೇಷ್ಮೆ ಅಂದರೆ ಯಾವುದೇ ರೇಷ್ಮೆ: ಬರೀ "ಸಿಲ್ಕ್".

ಇದು ಬರೀ ವ್ಯಾಕರಣ ಅಂದುಕೊಳ್ಳಬೇಡಿ. ಒಂಬತ್ತನೇ ಪುಟದಲ್ಲಿ "ವೀವರ್ಸ್ ಆರ್ ಲೀವಿಂಗ್ ದಿ ಟ್ರೇಡ್" ಅಂತಿದೆ. ಹೀಗೆ ಬರೆದರೆ ನೇಕಾರರು ಒಟ್ಟಾರೆ ಕಸುಬು ಬಿಡುತ್ತಿದ್ದಾರೆ ಅಂತ ಅರ್ಥ. ನೀವು ಕಂಡದ್ದು ಹದಿನಾಲ್ಕು ಮನೆ. ಅದರಲ್ಲಿ ಬಿಡುತ್ತೇವೆ ಅಂದವರು ಐದು ಮನೆಯವರು ಅಂತ ನಿಮ್ಮದೇ ಪಟ್ಟಿ ಹೇಳುತ್ತದೆ. "ದಿ ವೀವರ್ಸ್" ಅಂದರೂ ಹದಿನಾಲ್ಕೂ ಮನೆಯವರು ಅಂತಾಗುತ್ತದೆ. "ಫೈವ್ ಆಫ್ ದಿ ಫೋರ್‌ಟೀನ್ ಫ್ಯಾಮಿಲೀಸ್ ಪ್ಲ್ಯಾನ್ಡ್ ಟು ಲೀವ್ ದಿ ಟ್ರೇಡ್" ಅನ್ನಿ. ಇಲ್ಲಿ ಸಣ್ಣ "ದಿ" ಒಂದು ನಿಮ್ಮ ವರದಿಯ ಸತ್ಯವನ್ನೇ ಹಿಡಿದುಕೊಂಡಿದೆ.

ನಮ್ಮ ಊರುಗಳ ಬಗ್ಗೆ ಎರಡು ಮಾತು. "ಎ ಇಳಕಲ್ ಸ್ಯಾರಿ" ಅಲ್ಲ, "ಆ್ಯನ್ ಇಳಕಲ್ ಸ್ಯಾರಿ". ಅಕ್ಷರ ನೋಡಬೇಡಿ, ಸದ್ದು ಕೇಳಿ. ಅದಕ್ಕೇ "ಆ್ಯನ್ ಎನ್‌ಜಿಒ", ಆದರೆ "ಎ ಯುನಿಟ್". ಊರಿಗೆ, ಜಿಲ್ಲೆಗೆ "ದಿ" ಬೇಡ, ನದಿಗೆ ಬೇಕು: "ಬಾಗಲಕೋಟೆ ಡಿಸ್ಟ್ರಿಕ್ಟ್", ಆದರೆ "ದಿ ಮಲಪ್ರಭಾ".

ಈಗ ಆ ವಾಕ್ಯ ಹೀಗಾಯಿತು: "ವಿ ವಿಸಿಟೆಡ್ ಎ ವೀವರ್ಸ್ ಹೌಸ್ ಆನ್ ಟ್ವೆಲ್ತ್ ಜೂನ್. ದಿ ವೀವರ್ ವಾಸ್ ಸಿಟ್ಟಿಂಗ್ ಅಟ್ ಎ ಪಿಟ್ ಲೂಮ್. ಹಿ ಟೋಲ್ಡ್ ಅಸ್ ದಟ್ ಸಿಲ್ಕ್ ವಾಸ್ ಟೂ ಕಾಸ್ಟ್ಲಿ, ಸೋ ಹಿ ಹ್ಯಾಡ್ ಸ್ಟಾಪ್ಡ್ ಯೂಸಿಂಗ್ ಇಟ್ ಇನ್ ದಿ ಪಲ್ಲು ದಿ ಇಯರ್ ಬಿಫೋರ್." "ಟೋಲ್ಡ್" ಆದಮೇಲೆ "ಅಸ್" ಸೇರಿಸಿದ್ದೇನೆ. ಯಾರಿಗೆ ಹೇಳಿದ ಅಂತ ಇಂಗ್ಲಿಷ್ ಕೇಳುತ್ತದೆ. ಹೇಳುವುದು ಬೇಡವಾದರೆ "ಸೆಡ್" ಅನ್ನಿ.

ಹನ್ನೊಂದೂ ಪುಟ ಒಮ್ಮೆಲೇ ತಿದ್ದಬೇಡಿ, ತಲೆ ಕೆಡುತ್ತದೆ. ನಾಲ್ಕನೇ ಮತ್ತು ಒಂಬತ್ತನೇ ಪುಟ ಮಾತ್ರ ತಗೊಳ್ಳಿ. ಒಂದು ದಿನ ಪೆನ್ಸಿಲ್ ಸುತ್ತು, ಮರುದಿನ ಕಾಲ, ಮೂರನೇ ದಿನ "ಎ" ಮತ್ತು "ದಿ". ಮೂರಕ್ಕೂ ಬೇರೆ ಬೇರೆ ಬಣ್ಣದ ಶಾಯಿ ಬಳಸಿ, ಅಳಿಸಬೇಡಿ. ಆ ಗೀಚಿದ ಹಾಳೆಗಳನ್ನೇ ಕಳಿಸಿ. ಮತ್ತೆ, ಒಂಬತ್ತನೇ ಪುಟದ ಪಟ್ಟಿಯಲ್ಲಿ ಹದಿಮೂರೇ ಮನೆ ಇವೆ. ಒಂದು ಎಲ್ಲಿ ಹೋಯಿತು ನೋಡಿ.