ತಡೆಗೋಡೆ ಲೆಕ್ಕಕ್ಕೆ 3.5% ಹಾಕ್ಬೇಕಾ, 7% ಹಾಕ್ಬೇಕಾ?

ಪ್ರಶ್ನೆ: ಪ್ರವಾಹ ತಡೆಗೋಡೆ ಒಂದೇ, ಖರ್ಚು ಲಾಭದ ಅಂಕಿನೂ ಒಂದೇ. ಮುಂದೆ ಬರೋ ಲಾಭಾನ ಇವತ್ತಿನ ಬೆಲೆಗೆ ಇಳಿಸೋಕೆ ಒಬ್ರು 3.5% ಡಿಸ್ಕೌಂಟ್ ರೇಟ್ ಹಾಕಿ ಕಟ್ಟಿ ಅಂತಾರೆ, ಇನ್ನೊಬ್ರು 7% ಹಾಕಿ ಬೇಡ ಅಂತಾರೆ. ಯಾರು ಸರಿ? ಸರ್ಕಾರ ಸಾಲಕ್ಕೆ ಕಟ್ಟೋ ಬಡ್ಡಿ ದರಾನೇ ಹಾಕಿಬಿಟ್ರೆ ಆಗಲ್ವಾ?

ಉತ್ತರ:

ಇಬ್ರ ಗುಣಾಕಾರದಲ್ಲೂ ತಪ್ಪಿಲ್ಲ ಅಂದ್ಕೊಳ್ತೀನಿ, ಆದ್ರೆ ಇಬ್ರೂ ಉತ್ತರ ಕೊಡ್ತಿರೋದು ಬೇರೆ ಬೇರೆ ಪ್ರಶ್ನೆಗೆ. ನಿಮ್ಮ ಅಂಕಿ ಕೊಟ್ಟಿಲ್ಲವಾದ್ದರಿಂದ ನಾನೇ ಒಂದು ಉದಾಹರಣೆ ಹಿಡ್ಕೊಳ್ತೀನಿ. ಗೋಡೆ ಕಟ್ಟೋಕೆ ಇವತ್ತು 1000 ಕೋಟಿ. ಅದರಿಂದ ತಪ್ಪೋ ನಷ್ಟ ವರ್ಷಕ್ಕೆ ಸರಾಸರಿ 60 ಕೋಟಿ, ರಿಪೇರಿ ಖರ್ಚು ಕಳೆದು, 50 ವರ್ಷ. ಈ 60 ಅನ್ನೋದು ಪ್ರತಿ ವರ್ಷ ಕಣ್ಣಿಗೆ ಕಾಣೋ ದುಡ್ಡಲ್ಲ, ದೊಡ್ಡ ಪ್ರವಾಹ ಅಪರೂಪಕ್ಕೆ ಬರುತ್ತೆ, ಸಣ್ಣದು ಆಗಾಗ ಬರುತ್ತೆ, ಪ್ರತಿಯೊಂದರ ನಷ್ಟಾನ ಅದು ಬರೋ ಸಂಭವದಿಂದ ಗುಣಿಸಿ ಕೂಡಿಸಿದ ಮೊತ್ತ ಅದು. 3.5% ಹಾಕಿದ್ರೆ ಈ 50 ವರ್ಷದ ಲಾಭದ ಇವತ್ತಿನ ಬೆಲೆ ಸುಮಾರು 1407 ಕೋಟಿ, ಅಂದ್ರೆ 407 ಕೋಟಿ ಪ್ಲಸ್. 7% ಹಾಕಿದ್ರೆ ಅದೇ ಲಾಭ 828 ಕೋಟಿಗೆ ಇಳಿಯುತ್ತೆ, 172 ಕೋಟಿ ಮೈನಸ್. ಸುಮಾರು 5.6% ದಾಟಿದ ತಕ್ಷಣ ಉತ್ತರ ತಿರುಗುತ್ತೆ.

ಈಗ ಆ ಎರಡು ದರ ಎಲ್ಲಿಂದ ಬಂದಿದ್ದು ನೋಡಿ. 3.5% ಬ್ರಿಟನ್ ಖಜಾನೆ ಇಲಾಖೆಯ ಗ್ರೀನ್ ಬುಕ್ ದರ, ಅದರ ಹಿಂದೆ ಇರೋದು ರಾಮ್ಸೆ ಸೂತ್ರ: r = δ + ηg. δ ಅಂದ್ರೆ ನಾಳೆಗಿಂತ ಇವತ್ತೇ ಬೇಕು ಅನ್ನೋ ಆತುರ, ಜೊತೆಗೆ ಯಾವುದೋ ಮಹಾ ಅನಾಹುತದಲ್ಲಿ ಇದೆಲ್ಲಾ ಲೆಕ್ಕಕ್ಕೇ ಬರದಂಗೆ ಆಗೋ ಸಾಧ್ಯತೆ, ಎರಡೂ ಸೇರಿ 1.5. g ಅಂದ್ರೆ ತಲಾ ಬಳಕೆ ವರ್ಷಕ್ಕೆ ಎಷ್ಟು ಬೆಳೆಯುತ್ತೆ ಅನ್ನೋದು, ಅಲ್ಲಿ 2. η ಅಂದ್ರೆ ಜನ ಶ್ರೀಮಂತರಾದ ಹಾಗೆ ಅವರ ಕೈಗೆ ಬರೋ ಇನ್ನೊಂದು ರೂಪಾಯಿಯ ಮಹತ್ವ ಎಷ್ಟು ಬೇಗ ಇಳಿಯುತ್ತೆ ಅನ್ನೋದು, ಅಲ್ಲಿ 1. ಒಟ್ಟು 3.5. (30 ವರ್ಷದ ನಂತರ ಅವರು ದರಾನ 3ಕ್ಕೆ ಇಳಿಸ್ತಾರೆ, ನಾನು ಸುಲಭಕ್ಕೆ ಉದ್ದಕ್ಕೂ 3.5 ಅನ್ನೇ ಹಿಡಿದಿದೀನಿ.) ಸಮಾಜ ಇವತ್ತಿನ ಬಳಕೆಗೂ ಮುಂದಿನ ಬಳಕೆಗೂ ಎಷ್ಟು ತೂಕ ಕೊಡುತ್ತೆ ಅನ್ನೋದಕ್ಕೆ ಇದು ಉತ್ತರ.

7% ಬೇರೆ ಜಾತಿ. ಅಮೆರಿಕ ಸರ್ಕಾರದ 1992ರ ಸುತ್ತೋಲೆ A-94 ಅದನ್ನ ಖಾಸಗಿ ಬಂಡವಾಳ ತೆರಿಗೆಗೆ ಮುಂಚೆ ಸರಾಸರಿ ಎಷ್ಟು ದುಡಿಯುತ್ತೆ ಅನ್ನೋದರ ಅಂದಾಜಾಗಿ ತಗೊಂಡಿತ್ತು. ಅಂದ್ರೆ ಈ 1000 ಕೋಟಿನ ಗೋಡೆಗೆ ಹಾಕದೇ ಇದ್ದಿದ್ರೆ ಅದು ಬೇರೆ ಕಡೆ ಎಷ್ಟು ದುಡೀತಿತ್ತು ಅನ್ನೋ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ, ಆದ್ರೆ ಎರಡಕ್ಕೂ ಒಂದೇ ಅಂಕಿಯಲ್ಲಿ ಉತ್ತರ ಹೇಳೋಕೆ ಹೋಗೋದ್ರಿಂದಾನೇ ಈ ಜಗಳ ಮುಗಿಯಲ್ಲ.

ನನಗೆ ಸರಿ ಅನ್ಸೋ ದಾರಿ ಎರಡನ್ನೂ ಬೇರೆ ಬೇರೆ ಇಡೋದು. ಕಾಲದ ತೂಕಕ್ಕೆ 3.5% ಇರಲಿ, ಬಂಡವಾಳ ಕೈತಪ್ಪಿದ ನಷ್ಟಾನ ಖರ್ಚಿನ ಕಡೆ ಹಾಕಿ. ಖಾಸಗಿ ಹೂಡಿಕೆಗೆ ಹೋಗಬೇಕಿದ್ದ 1 ರೂಪಾಯಿ ವರ್ಷಕ್ಕೆ 7 ಪೈಸೆ ತರ್ತಿತ್ತು, ಆ 7 ಪೈಸೆನೂ ಜನ ಖರ್ಚು ಮಾಡ್ಕೊಳ್ತಿದ್ರು, ಹೀಗೇ ಕೊನೆಯಿಲ್ಲದೆ ನಡೀತಿತ್ತು ಅಂದ್ಕೊಂಡ್ರೆ 3.5% ದರದಲ್ಲಿ ಅದರ ಇವತ್ತಿನ ಬೆಲೆ 7 ಭಾಗಿಸು 3.5, ಅಂದ್ರೆ 2 ರೂಪಾಯಿ. ಹಾಗಾಗಿ ಹೂಡಿಕೆಯಿಂದ ಕಿತ್ತ ಪ್ರತಿ ರೂಪಾಯಿನ 2 ಅಂತ ಎಣಿಸಿ, ಜನರ ಬಳಕೆಯಿಂದ ಬಂದಿದ್ದನ್ನ 1 ಅಂತಾನೇ ಎಣಿಸಿ. ಇದಕ್ಕೆ ಬಂಡವಾಳದ ಶ್ಯಾಡೋ ಪ್ರೈಸ್ ಅಂತಾರೆ.

1000 ಕೋಟಿಯಲ್ಲಿ 200 ಕೋಟಿ ಹೂಡಿಕೆ ತಗ್ಗಿಸಿ, ಉಳಿದ 800 ಜನರ ಬಳಕೆ ತಗ್ಗಿಸಿ ಬಂದಿದೆ ಅಂದ್ರೆ ನಿಜವಾದ ಖರ್ಚು 1200, ಆಗ್ಲೂ 207 ಪ್ಲಸ್. ಅರ್ಧಕ್ಕರ್ಧ ಆದ್ರೆ ಖರ್ಚು 1500, 93 ಮೈನಸ್. ಹೂಡಿಕೆಯ ಪಾಲು ಸುಮಾರು 41% ದಾಟಿದ್ರೆ ಈ ಗೋಡೆ ಬೇಡ. ನೋಡಿ, ಈಗ ಜಗಳ ದರದ ಮೇಲಿಂದ ದುಡ್ಡು ಎಲ್ಲಿಂದ ಬಂತು ಅನ್ನೋದರ ಮೇಲೆ ಹೋಯ್ತು, ಸಂಬಳದ ಮೇಲಿನ ತೆರಿಗೆಯಿಂದಾನಾ, ಬ್ಯಾಂಕುಗಳು ಇಲ್ಲಾಂದ್ರೆ ಉದ್ಯಮಕ್ಕೆ ಕೊಡ್ತಿದ್ದ ಸಾಲದಿಂದಾನಾ. ಇದನ್ನಾದ್ರೂ ಹುಡುಕಿ ಅಂದಾಜು ಮಾಡಬಹುದು. ಕೊನೆಯಿಲ್ಲದೆ 7 ಪೈಸೆ ಅನ್ನೋದು ಸರಳ ಮಾಡಿದ ಊಹೆ, ಗಳಿಕೆಯಲ್ಲಿ ಒಂದು ಪಾಲು ಮತ್ತೆ ಹೂಡಿಕೆಗೆ ಹೋಗುತ್ತೆ ಅಂದ್ರೆ 2 ಇನ್ನೂ ಮೇಲೇರುತ್ತೆ, ಅದನ್ನೂ ಮರೀಬೇಡಿ.

ಸಾಲದ ಬಡ್ಡಿ ಹಾಕಬಹುದಾ ಅಂದ್ರಲ್ಲ, ಅಲ್ಲಿ ದೊಡ್ಡ ಅಪಾಯ ಹಣದುಬ್ಬರದ್ದು. ಬಾಂಡ್ ಬಡ್ಡಿ 8% ಇದೆ, ಹಣದುಬ್ಬರ 5% ಇದೆ ಅಂದ್ಕೊಳ್ಳಿ, ನಿಜವಾದ ದರ 1.08 ಭಾಗಿಸು 1.05, ಅದರಲ್ಲಿ 1 ಕಳೆದ್ರೆ ಸುಮಾರು 2.9% ಅಷ್ಟೇ. ಲಾಭದ ಕಾಲಮ್ಮು ಸ್ಥಿರ ಬೆಲೆಯಲ್ಲಿ, ಅಂದ್ರೆ ಹಣದುಬ್ಬರ ಸೇರಿಸದೆ ಬರೆದಿದ್ದು, ಅದಕ್ಕೆ 8% ಹಾಕಿದ್ರೆ ಹಣದುಬ್ಬರಾನ ದರದಲ್ಲಿ ಮಾತ್ರ ಎಣಿಸಿ ಲಾಭದಲ್ಲಿ ಬಿಟ್ಟಂಗಾಯ್ತು, ನಮ್ಮ 60 ಕೋಟಿಗಳ ಸಾಲು 734 ಕೋಟಿಗೆ ಕುಸಿಯುತ್ತೆ. ಕಂಡುಹಿಡಿಯೋದು ಸುಲಭ: ಅಡಿಟಿಪ್ಪಣಿಯಲ್ಲಿ ಸ್ಥಿರ ಬೆಲೆ ಅಂತ ಇದ್ದು, ದರ ಮಾತ್ರ ಪೇಪರಿನಲ್ಲಿ ಬರೋ ಬಡ್ಡಿ ದರದ ಥರ ಕಂಡ್ರೆ ಅಲ್ಲೇ ನಿಲ್ಲಿಸಿ ಕೇಳಿ. ಹಣದುಬ್ಬರ ಸರಿಯಾಗಿ ಕಳೆದ್ರೂ ಬಡ್ಡಿ ದರ ಸಾಲ ಕೊಡೋರ ಮನಸ್ಸು ಹೇಳುತ್ತೆ, ಇನ್ನೂ ಹುಟ್ಟದೇ ಇರೋರು ಬಾಂಡ್ ಮಾರ್ಕೆಟ್ಟಿಗೆ ಬರಲ್ಲ.

ನನಗೆ ಎಲ್ಲಕ್ಕಿಂತ ಬೇಜಾರು ತರ್ಸೋ ವಿಷಯ ಇನ್ನೊಂದಿದೆ, ಎಲ್ರೂ ದರದ ಬಗ್ಗೆ ಕಿತ್ತಾಡ್ತಾ ಲಾಭದ ಕಾಲಮ್ಮನ್ನ ನೋಡೋದೇ ಇಲ್ಲ. 50 ವರ್ಷಾನೂ 60, 60, 60 ಅಂತ ಇರುತ್ತೆ. ಅಲ್ಲ, ದರದ ಒಳಗೆ g = 2 ಅಂತ ಹಾಕಿ ಜನ ವರ್ಷಾ ವರ್ಷ ಶ್ರೀಮಂತರಾಗ್ತಾರೆ ಅಂತ ಒಪ್ಕೊಂಡಿದೀರಿ, ಹಾಗಿದ್ರೆ ಗೋಡೆ ಹಿಂದಿನ ಮನೆ, ಮಳಿಗೆ, ಮಷೀನುಗಳ ಬೆಲೆನೂ ಏರಬೇಕಲ್ವಾ? ನಷ್ಟ ಸ್ಥಿರ ಬೆಲೆಯಲ್ಲೇ ವರ್ಷಕ್ಕೆ 2% ಏರುತ್ತೆ ಅಂತ ಹಾಕಿ ನೋಡಿ: 7% ದರದಲ್ಲೂ ಲಾಭ ಸುಮಾರು 1090 ಕೋಟಿ ಆಗುತ್ತೆ, 172 ಮೈನಸ್ ಇದ್ದಿದ್ದು 90 ಪ್ಲಸ್! ಬೇಡ ಅಂದವರ ದರದಲ್ಲೇ ಗೋಡೆ ಪಾಸ್. ಹಾಗಂತ ಕಣ್ಮುಚ್ಚಿ 2% ಸೇರಿಸಬೇಡಿ, ಜನ ಆ ಜಾಗ ಬಿಟ್ಟು ಹೋಗ್ತಿದ್ರೆ ನಷ್ಟ ಏರಲ್ಲ, ಇಳಿಯುತ್ತೆ. ಅಲ್ದೇ ಗೋಡೆ ಬಂತು ಅಂತಾನೇ ಅದರ ಹಿಂದೆ ಹೊಸದಾಗಿ ಕಟ್ಟೋ ಮನೆಗಳನ್ನ ತಪ್ಪಿದ ನಷ್ಟದಲ್ಲಿ ಸೇರಿಸಿದ್ರೆ ಲಾಭ ಸುಮ್ನೆ ಉಬ್ಬುತ್ತೆ, ಯಾಕಂದ್ರೆ ಗೋಡೆ ಇಲ್ದಿದ್ರೆ ಆ ಮನೆಗಳು ಅಲ್ಲಿ ಇರ್ತಾನೇ ಇರ್ಲಿಲ್ಲ.

ಹಾಗಾಗಿ ನಿಮ್ಮ ಕೈಯಲ್ಲಿರೋ ಎರಡು ರಿಪೋರ್ಟಲ್ಲೂ ಮೊದಲು ಲಾಭದ ಸಾಲು ಏರುತ್ತಾ ಇಲ್ವಾ, ಸ್ಥಿರ ಬೆಲೆನಾ ಅಂತ ನೋಡಿ, ಆಮೇಲೆ ದುಡ್ಡಿನ ಮೂಲ ಬರೆದಿದಾರಾ ನೋಡಿ. ಇಬ್ರಿಗೂ ಒಂದೇ ಥರ ಲಾಭದ ಸಾಲು ಹಾಕ್ಸಿ, ಉತ್ತರ ಎಷ್ಟು ಪರ್ಸೆಂಟಿಗೆ ತಿರುಗುತ್ತೆ ಅನ್ನೋ ಒಂದು ಅಂಕಿ ಕೇಳಿ. ಅದು 2% ಕೆಳಗೋ 9% ಮೇಲೋ ಬಂದ್ರೆ ನೀವು ಹೇಳಿದ ಎರಡು ದರದ ಜಗಳಕ್ಕೆ ಅರ್ಥಾನೇ ಇಲ್ಲ, ಯಾವ್ದು ಹಾಕಿದ್ರೂ ಒಂದೇ ಉತ್ತರ. ನಡುವೆ ಬಂದ್ರೆ ಮಾತ್ರ ಮೇಲಿನ 41% ಲೆಕ್ಕಾನ ನಿಮ್ಮ ಅಂಕಿಗಳಿಗೆ ಹಾಕಿ ನೋಡಿ.