ಅನುಭವ ಇಲ್ಲದವರ ಕವರ್ ಇಮೇಲ್

"ಬಿಕಾಂ ಮುಗಿಸಿದ್ದೇನೆ, ಅನುಭವ ಇಲ್ಲ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಗಳಿಗೆ ಇಮೇಲ್ ಕಳಿಸಿದರೂ ಉತ್ತರ ಬರುತ್ತಿಲ್ಲ. ಏನು ಬರೆಯಬೇಕು?"

ಬಹುಶಃ ನಿಮ್ಮ ಇಮೇಲ್ "ನಾನು ಫ್ರೆಶರ್, ಒಂದು ಅವಕಾಶ ಕೊಡಿ" ಅಂತ ಶುರುವಾಗುತ್ತಿದೆ. ಅದರಲ್ಲಿ ನಿಮಗೆ ಏನು ಬರುತ್ತದೆ ಅನ್ನೋದೇ ಇಲ್ಲ, ಅಲ್ವಾ?

ಮೊದಲು ಸಬ್ಜೆಕ್ಟ್ ಸಾಲು: ಹುದ್ದೆ, ನಿಮ್ಮ ಹೆಸರು, ಬಿಕಾಂ ಮುಗಿಸಿದ ವರ್ಷ. ಅಷ್ಟೇ. ಒಳಗಿನ ಮೊದಲ ವಾಕ್ಯದಲ್ಲಿ ಯಾವ ಕೆಲಸ, ಜಾಹೀರಾತು ಎಲ್ಲಿ ನೋಡಿದಿರಿ ಅಂತ ಹೇಳಿ.

ಆಮೇಲಿನ ಎರಡು ಮೂರು ವಾಕ್ಯಗಳೇ ಮುಖ್ಯ. ಜಾಹೀರಾತಿನಲ್ಲಿ ಕೇಳಿರುವ ಒಂದು ಕೆಲಸ ಆರಿಸಿ, ಅದನ್ನು ನೀವು ಎಲ್ಲಿ ಮಾಡಿದ್ದೀರಿ ಅಂತ ಬರೆಯಿರಿ. "ಟ್ಯಾಲಿ ಗೊತ್ತು" ಅಂದರೆ ಸಾಲದು. "ಕಾಲೇಜು ಪ್ರಾಜೆಕ್ಟಿಗೆ ಒಂದು ಕಿರಾಣಿ ಅಂಗಡಿಯ ಮೂರು ತಿಂಗಳ ಬಿಲ್ಲುಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದ್ದೇನೆ" ಅನ್ನೋದು ಕೆಲಸದ ಮಾತು. ಮನೆಯವರ ಅಂಗಡಿ ಲೆಕ್ಕ ಬರೆದಿದ್ದರೆ ಅದೂ ನಡೆಯುತ್ತದೆ. ಮಾಡದ್ದನ್ನು ಮಾತ್ರ ಸೇರಿಸಬೇಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಕೆದಕುತ್ತಾರೆ.

ಕೊನೆಗೆ ಯಾವಾಗ ಸೇರಬಹುದು, ಫೋನ್ ನಂಬರ್. ಜಾಹೀರಾತಿನಲ್ಲಿ ಕೇಳದಿದ್ದರೆ ಸಂಬಳದ ಮಾತು ಬೇಡ. ರೆಸ್ಯೂಮೆ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮ ಹೆಸರಿರಲಿ. ಒಂದೊಂದು ಕಂಪನಿಗೂ ಬೇರೆ ಬೇರೆ ಕಳಿಸಿ. ಇಪ್ಪತ್ತು ವಿಳಾಸ ಒಟ್ಟಿಗೆ ಕಂಡರೆ ಯಾರೂ ಓದುವುದಿಲ್ಲ.