ಏಜೆನ್ಸಿ ಮೂಲಕ ಸೇರಿದವರಿಗೆ ನಿಜವಾದ ಮಾಲೀಕ ಯಾರು?

ಪ್ರಶ್ನೆ: ಏಳು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿದ್ದೇನೆ, ಏಜೆನ್ಸಿ ಮಾತ್ರ ಮೂರು ಸಲ ಬದಲಾಯಿತು. ನಾನು ಕಾಯಂ ಆಗಬಹುದಾ?

ಬರೀ ವರ್ಷ ಎಣಿಸಿದರೆ ಆಗುವುದಿಲ್ಲ. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕರು ತಾನಾಗಿಯೇ ಕಂಪನಿಯ ನೌಕರರಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ, ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದೆ. ಆದರೆ ಗುತ್ತಿಗೆ ಬರೀ ಕಾಗದದ ನಾಟಕ ಅಂತ ಸಾಬೀತಾದರೆ ಕಂಪನಿಯೇ ನಿಮ್ಮ ಮಾಲೀಕ.

ಅದನ್ನು ಅಳೆಯುವುದು ಹೀಗೆ: ನಿಮ್ಮನ್ನು ಆರಿಸಿದ್ದು ಯಾರು, ಸಂಬಳ ಕೊಡುವವರು ಯಾರು, ತಪ್ಪು ಮಾಡಿದರೆ ನೋಟಿಸ್ ಕೊಟ್ಟು ತೆಗೆಯುವವರು ಯಾರು? ಕಂಪನಿಯ ಸೂಪರ್‌ವೈಸರ್ 'ಈ ಮೆಷಿನ್‌ಗೆ ಹೋಗು' ಅಂದರೆ ಅಷ್ಟೇ ಸಾಲದು, ಯಾವ ಗುತ್ತಿಗೆಯಲ್ಲೂ ಅದು ಇದ್ದದ್ದೇ. ರಜೆ ಚೀಟಿಗೆ ಕಂಪನಿಯ ಅಧಿಕಾರಿ ಸಹಿ, ಮೆಮೋ ಕೂಡ ಅವರದೇ, ಏಜೆನ್ಸಿ ಬದಲಾದಾಗ ಹೊಸಬರು ನಿಮ್ಮನ್ನು ನೋಡದೆ ಹಳೇ ಪಟ್ಟಿಯನ್ನೇ ತೆಗೆದುಕೊಂಡರು ಅಂದರೆ ಕೇಸಿಗೆ ಬಲ ಜಾಸ್ತಿ. ಅಂಥ ಚೀಟಿಗಳ ಫೋಟೋ ಈಗಲೇ ಇಟ್ಟುಕೊಳ್ಳಿ, ಗೇಟ್‌ನಿಂದ ಹೊರಗೆ ಹಾಕಿದ ಮೇಲೆ ಯಾರೂ ಕೊಡುವುದಿಲ್ಲ.

ಸುಮ್ನೆ ಹೈಕೋರ್ಟಿಗೆ ಓಡಬೇಡಿ. ಗುತ್ತಿಗೆ ನಕಲಿಯೋ ಅಲ್ಲವೋ ಅಂತ ಸಾಕ್ಷಿ ನೋಡಿ ತೀರ್ಮಾನಿಸುವುದು ಕೈಗಾರಿಕಾ ನ್ಯಾಯಮಂಡಳಿ. ಅದಕ್ಕೆ ಮೊದಲು ಯೂನಿಯನ್ ಮೂಲಕ ಕಾರ್ಮಿಕ ಇಲಾಖೆಯಲ್ಲಿ ವಿವಾದ ಎತ್ತಿ.